ನನ್ನ ನಂಬರ್ ಎಷ್ಟು?
ಗ್ಯಾಸ್ ಏಜೆನ್ಸಿ ಕೌಂಟರಿನಲ್ಲಿ ನಂಬರ್ ಕೇಳಿದರು. ಎರಡನೇ ಸಿಮ್ಮಿನ ಹತ್ತಂಕಿ ನೆನಪಾಗಲೇ ಇಲ್ಲ. ಸೆಟ್ಟಿಂಗ್ಸ್‌ನಲ್ಲಿ ‘About phone’ ತೆರೆದರೆ ‘Unknown’ ಅಂತಿತ್ತು. ಪಾಪ, ಫೋನಿನ ತಪ್ಪಲ್ಲ. ಸಿಮ್ಮಿಗೆ ತನ್ನ ನಂಬರ್ ಗೊತ್ತಿರಲೇಬೇಕೆಂದಿಲ್ಲ. ಅದರೊಳಗಿರುವುದು ಬೇರೆಯೇ ಗುರುತಿನ ಸಂಖ್ಯೆ. ಅದಕ್ಕೆ ಯಾವ ಮೊಬೈಲ್ ನಂಬರ್ ಎಂಬ ಲೆಕ್ಕ ಕಂಪನಿಯ ಬಳಿ ಇರುತ್ತದೆ. ಹಾಗಾಗಿ ಅಲ್ಲಿಯೇ ಕೇಳಬೇಕು: ಏರ್‌ಟೆಲ್ ಆದರೆ *282#, ವಿಐ ಆದರೆ *199#. ಡಯಲ್ ಮಾಡುವಾಗ ಆ ಸಿಮ್ಮನ್ನೇ ಆರಿಸಿಕೊಳ್ಳಿ. ನಾನು ಮರೆತು, ಬಾಯಿಪಾಠವಿದ್ದ ಮೊದಲ ನಂಬರನ್ನೇ ಮತ್ತೆ ಓದಿಕೊಂಡೆ. ಕಂಪನಿಯ ಆ್ಯಪ್ ಮೊದಲೇ ಲಾಗಿನ್ ಆಗಿದ್ದರೆ ನಂಬರ್ ಅಲ್ಲೇ ಕಾಣುತ್ತದೆ. ಇಲ್ಲವಾದರೆ ಒಳಗೆ ಬಿಡಲು ಅದೇ ನಂಬರ್ ಕೇಳುವುದುಂಟು, ಬೀಗದ ಕೈ ಪೆಟ್ಟಿಗೆಯೊಳಗೇ ಇಟ್ಟ ಹಾಗೆ! ಕೋಡ್ ಕೂಡ ಕೈಕೊಟ್ಟರೆ, ರೀಚಾರ್ಜ್ ಇದ್ದಲ್ಲಿ, ಪಕ್ಕದವರಿಗೊಂದು ಮಿಸ್ಡ್ ಕಾಲ್ ಕೊಡಿ.