ಸ್ಟೂಡೆಂಟ್ ಡಿಸ್ಕೌಂಟಿನ ಗಡಿಯಾರ ಯಾವಾಗ ಶುರುವಾಗ್ತದ?

(1/4)
ಫೈನಲ್ ಇಯರ್ ದೋಸ್ತರಿಗೆ ಈ ಪೋಸ್ಟ್. ಜೂನಿಯರ್‌ಗಳೂ ಓದ್ರಿ, ನಿಮಗ ಉಪಯೋಗ ಇನ್ನೂ ಜಾಸ್ತಿ.

"ನಾವು ಕಾಲೇಜಿನ್ಯಾಗ ಇರೋತನಕ ಸ್ಟೂಡೆಂಟ್ ರೇಟ್ ಇರ್ತದ, ಪಾಸಾದ ದಿನ ಹೋಗ್ತದ" ಅಂತ ಬಹಳ ಮಂದಿ ತಿಳಕೊಂಡಾರ. ಎರಡೂ ಸರಿ ಅಲ್ಲ. ಕಂಪನಿಗೆ ನಿಮ್ಮ ಘಟಿಕೋತ್ಸವ ಯಾವಾಗ ಅಂತ ಗೊತ್ತೇ ಇರೋದಿಲ್ಲ. ಅವರು ಲೆಕ್ಕ ಹಿಡಿಯೋದು ನೀವು ವೆರಿಫೈ ಆದ ದಿನದಿಂದ. ಸ್ಪಾಟಿಫೈ, ಯೂಟ್ಯೂಬ್ ಪ್ರೀಮಿಯಂ ಎರಡರಲ್ಲೂ ಒಂದು ಸಲ ವೆರಿಫೈ ಆದ್ರ ಒಂದು ವರ್ಷ. ಮತ್ತ ವರ್ಷಕ್ಕೊಮ್ಮೆ ದಾಖಲೆ ತೋರಿಸಬೇಕು. ಒಟ್ಟು ನಾಲ್ಕು ವರ್ಷ ಆದ ಮ್ಯಾಲ ಬಾಗಿಲು ಬಂದ್. ಆಪಲ್ ಮ್ಯೂಸಿಕ್‌ನಲ್ಲೂ 48 ತಿಂಗಳೇ.

ಈಗ ಒಬ್ಬ ಹುಡುಗನ ಲೆಕ್ಕ ಹಾಕೋಣ. 2022ರ ಅಕ್ಟೋಬರ್‌ನಲ್ಲಿ ಬಿಸಿಎ ಸೇರಿದ ಕೂಡಲೇ ಹಾಡಿನ ಆ್ಯಪ್‌ಗೆ ಸ್ಟೂಡೆಂಟ್ ಪ್ಲಾನ್ ತಗೊಂಡ. ಮೂರು ವರ್ಷ ಬಿಸಿಎ, ಆಮೇಲೆ ಎರಡು ವರ್ಷ ಎಂಸಿಎ. 2026ರ ಅಕ್ಟೋಬರ್‌ಗೆ ನಾಲ್ಕು ವರ್ಷ ತುಂಬ್ತದ. ಅವನು ಇನ್ನೂ ಎಂಸಿಎ ಎರಡನೇ ವರ್ಷದ ಖರೇ ವಿದ್ಯಾರ್ಥಿ, ಕೊರಳಾಗ ಐಡಿ ಕಾರ್ಡ್ ಅದ, ಆದ್ರೂ ಪೂರ್ತಿ ರೇಟ್ ಕೊಡಬೇಕು. ಅದಕ್ಕ ನನ್ನ ಅಭಿಪ್ರಾಯ: ಫಸ್ಟ್ ಸೆಮ್‌ನಲ್ಲೇ ಹಾಡು ಕೇಳೋಕೆ ಈ ನಾಲ್ಕು ವರ್ಷ ಖರ್ಚು ಮಾಡಬ್ಯಾಡ್ರಿ. ಜಾಹೀರಾತಿನ ಜೊತಿ ಹಾಡು ಪುಕ್ಕಟ ಬರ್ತಾವ, ಕೇಳ್ರಿ.

ಉಲ್ಟಾ ಕಥಿನೂ ಅದ. 2025ರ ಸೆಪ್ಟೆಂಬರ್‌ನಲ್ಲಿ ವೆರಿಫೈ ಆದವಳ ಕೊನೆ ಪರೀಕ್ಷೆ 2026ರ ಜೂನ್‌ಗೆ ಮುಗಿದ್ರೂ, ಆ ವೆರಿಫಿಕೇಶನ್ ಸೆಪ್ಟೆಂಬರ್‌ತನಕ ನಡೀತದ. ಇದು ಕಳ್ಳತನ ಅಲ್ಲ, ಅವರ ನಿಯಮನೇ ಹಂಗ ಅದ. ಪಾಸಾದ ಮ್ಯಾಲ ಜೂನಿಯರ್ ಐಡಿ ಕಾರ್ಡ್ ಹಾಕಿ ಮತ್ತ ವೆರಿಫೈ ಮಾಡೋದು ಮಾತ್ರ ಕಳ್ಳತನ. ಅದರಿಂದ ನಾಳೆ ಆ ಜೂನಿಯರ್ ಅರ್ಜಿನೂ ಸಿಕ್ಕಿಬೀಳಬಹುದು.

(2/4)
ನಮ್ಮ ಕಡೆ ಹುಡುಗರು ವೆರಿಫಿಕೇಶನ್‌ನಲ್ಲಿ ಎಲ್ಲಿ ಎಡವ್ತಾರ ಅಂದ್ರ, ದಾಖಲೆಯಲ್ಲಿ. ಸ್ಪಾಟಿಫೈ, ಯೂಟ್ಯೂಬ್, ಆಟೋಡೆಸ್ಕ್ ಇವೆಲ್ಲ ವೆರಿಫಿಕೇಶನ್ ಕೆಲಸವನ್ನ ಶೀರ್‌ಐಡಿ ಅನ್ನೋ ಬೇರೆ ಕಂಪನಿಗೆ ವಹಿಸ್ಯಾವ. ಅವರು ನೋಡೋದು ಮೂರೇ: ಪೂರ್ಣ ಹೆಸರು, ಸಂಸ್ಥೆಯ ಹೆಸರು, ಈ ಶೈಕ್ಷಣಿಕ ವರ್ಷದ ದಿನಾಂಕ. ನಮ್ಮ ಕಾಲೇಜ್ ಐಡಿ ಕಾರ್ಡ್‌ಗಳಲ್ಲಿ ಬಹಳಷ್ಟಕ್ಕ ಮೂರನೆಯದು ಇರೋದೇ ಇಲ್ಲ. ರಕ್ತದ ಗುಂಪು ಇರ್ತದ, ಪ್ರಿನ್ಸಿಪಾಲ್ ಸಹಿ ಇರ್ತದ, ಎಲ್ಲಿತನಕ ಚಾಲ್ತಿ ಅಂತ ಇರೋದಿಲ್ಲ. ಅರ್ಜಿ ತಿರಸ್ಕಾರ ಆದ ಕೂಡಲೇ "ಯಾದಗಿರಿ ಜಿಲ್ಲೆ ಕಾಲೇಜ್‌ಗೆ ಕೊಡೋದಿಲ್ಲಂತ" ಅಂತ ಸುದ್ದಿ ಹಬ್ಬಸ್ತೀವಿ. ಊರಿನ ತಪ್ಪಲ್ಲರಿ, ದಿನಾಂಕದ ತಪ್ಪು.

ಡಿಗ್ರಿಯವರಿಗೆ ಸುಲಭ ದಾರಿ ಅಂದ್ರ ಈ ವರ್ಷದ ಫೀ ರಸೀದಿ, ಇಲ್ಲಾ ಯುಯುಸಿಎಂಎಸ್ ಪೋರ್ಟಲ್‌ನಿಂದ ತೆಗೆದ ಪ್ರವೇಶದ ಪ್ರತಿ. ಅದೂ ಇಲ್ಲಂದ್ರ ಕಾಲೇಜ್ ಆಫೀಸ್‌ನಲ್ಲಿ ದಿನಾಂಕ ಹಾಕಿದ ಬೊನಾಫೈಡ್ ಬರೆಸಿಕೊಳ್ರಿ. ಹೆಸರು ಅದರಾಗ ಹೆಂಗದನೋ ಹಂಗೇ ಫಾರ್ಮ್‌ನಲ್ಲಿ ಹಾಕ್ರಿ. ಮಾರ್ಕ್ಸ್ ಕಾರ್ಡಿನ್ಯಾಗ ಬರೇ ಹೆಸರು, ಆಧಾರ್‌ನ್ಯಾಗ ಅಪ್ಪನ ಹೆಸರು ಸೇರಿಸಿ, ಫಾರ್ಮ್‌ನ್ಯಾಗ ಅಡ್ಡಹೆಸರು, ಹಿಂಗಾದ್ರ ಮೂವರು ಬೇರೆ ಬೇರೆ ಮಂದಿ ಅಂತ ಅವರು ತಿಳಕೊಳ್ತಾರ. ಸಂಸ್ಥೆಯ ಪಟ್ಟಿಯಲ್ಲಿ ಕಾಲೇಜ್ ಹೆಸರು ಸಿಗಲಿಲ್ಲಂದ್ರ ವಿಶ್ವವಿದ್ಯಾಲಯದ ಹೆಸರು ಹುಡುಕ್ರಿ, ಆದ್ರ ಆ ಹೆಸರು ನಿಮ್ಮ ಕಾಗದದ ಮ್ಯಾಲೂ ಇರಬೇಕು.

ಕಾಲೇಜಿನವರಿಗೆ ನನ್ನದೊಂದು ಮಾತು. ಐಡಿ ಕಾರ್ಡ್ ಮ್ಯಾಲ "2025-26" ಅಂತ ಒಂದು ಸಾಲು ಹಾಕೋಕೆ ಖರ್ಚೇನಿಲ್ಲ. ಅದಿಲ್ಲದ್ದಕ್ಕ ತಿಂಥಣಿ ಹುಡುಗಿ ಬಸ್ ಹತ್ತಿ ಸುರಪುರಕ್ಕ ಹೋಗಿ ಬೊನಾಫೈಡ್‌ಗಾಗಿ ಅರ್ಧ ದಿನ ಕಾಯಬೇಕು.

(3/4)
ಈಗ ರೊಕ್ಕದ ವಿಷಯ. ಅವಧಿ ಮುಗಿದ ಮ್ಯಾಲ ಆ್ಯಪ್ ಬಂದ್ ಆಗ್ತದ ಅಂತ ಕಾಯ್ತೀರಿ. ಬಂದ್ ಆಗೋದಿಲ್ಲ, ತಾನಾಗೇ ಪೂರ್ತಿ ರೇಟಿಗೆ ಹೊಳ್ಳತದ. "ನನ್ನ ಒಪ್ಪಿಗಿ ಇಲ್ಲದ ಹೆಂಗ ಕಟ್ ಮಾಡಿದ್ರು?" ಅಂತ ಕೇಳೋರಿಗೆ ಉತ್ತರ: ಒಪ್ಪಿಗಿ ಮೊದಲ ದಿನನೇ ಕೊಟ್ಟೀರಿ. ಆರ್‌ಬಿಐ ನಿಯಮದ ಪ್ರಕಾರ ಆಟೋಪೇ ಮ್ಯಾಂಡೇಟ್‌ಗೆ ಒಂದು ಗರಿಷ್ಠ ಮೊತ್ತ ಇಡಬಹುದು. ಆ ಮಿತಿಯೊಳಗ, ₹15,000ತನಕ, ಪ್ರತಿ ಸಲ ಓಟಿಪಿ ಬೇಕಾಗಿಲ್ಲ. ಸ್ಟೂಡೆಂಟ್ ರೇಟಿಗಿಂತ ಗರಿಷ್ಠ ಮೊತ್ತ ಬಹಳ ಮ್ಯಾಲ ಇದ್ರ, ಪೂರ್ತಿ ರೇಟ್ ಅದರೊಳಗ ಸದ್ದಿಲ್ಲದ ಕೂಡ್ತದ. ಮ್ಯಾಂಡೇಟ್ ಒಪ್ಪೋವಾಗ ಎಲ್ಲರೂ ತಿಂಗಳ ರೇಟ್ ನೋಡ್ತಾರ, ಗರಿಷ್ಠದ ಸಾಲು ಯಾರೂ ಓದೋದಿಲ್ಲ.

ಆದ್ರ ಅದೇ ನಿಯಮದಾಗ ನಮಗೂ ಒಂದು ಹಿಡಿಕಿ ಅದ. ರೊಕ್ಕ ಕಟ್ ಆಗೋಕೆ ಕನಿಷ್ಠ 24 ತಾಸು ಮೊದಲು ಮೆಸೇಜ್ ಬರಲೇಬೇಕು. ಅದರಾಗ ಮೊತ್ತ ಇರ್ತದ. ಪ್ರತಿ ತಿಂಗಳಿಗಿಂತ ಜಾಸ್ತಿ ಕಂಡ್ರ ಅವಧಿ ಮುಗಿದದ ಅಂತ ಅರ್ಥ. ಅವತ್ತೇ ಯುಪಿಐ ಆ್ಯಪ್‌ನ ಆಟೋಪೇ ಭಾಗಕ್ಕ ಹೋಗಿ ಮ್ಯಾಂಡೇಟ್ ರದ್ದು ಮಾಡ್ರಿ, ಆ್ಯಪ್ ಒಳಗೂ ಪ್ಲಾನ್ ಕ್ಯಾನ್ಸಲ್ ಮಾಡ್ರಿ. ಎರಡೂ ಬೇರೆ ಬೇರೆ ಕೆಲಸ.

ಇನ್ನ ಅಡೋಬಿ. ಇದರ ಸ್ಟೂಡೆಂಟ್ ಪ್ಲಾನ್ ತಿಂಗಳ ಪ್ಲಾನ್ ಥರ ಕಾಣ್ತದ, ಆದ್ರ ಅದು ವರ್ಷದ ಕರಾರು, ಕಂತು ಮಾತ್ರ ತಿಂಗಳಿಗೆ. ಮೊದಲ 14 ದಿನದೊಳಗ ಬಿಟ್ರ ರೊಕ್ಕ ವಾಪಸ್. ಆಮೇಲೆ ಬಿಟ್ರ ಉಳಿದ ತಿಂಗಳುಗಳ ಮೊತ್ತದ ಅರ್ಧ ದಂಡ. ಲೆಕ್ಕಕ್ಕ ತಿಂಗಳಿಗೆ ₹800 ಅಂತ ಹಿಡಿರಿ. ಫೆಬ್ರುವರಿಯಲ್ಲಿ ಪ್ರಾಜೆಕ್ಟ್‌ಗಂತ ತಗೊಂಡು, ಐದು ಕಂತು ಕಟ್ಟಿ ಜೂನ್ ಕೊನಿಗೆ ಬಿಟ್ರಿ. ಏಳು ತಿಂಗಳು ಉಳಿದಾವ, ₹5,600. ಅದರ ಅರ್ಧ ₹2,800. ಈ ದಂಡವನ್ನ ಮುಚ್ಚಿಡ್ತಾರ ಅಂತ 2024ರ ಜೂನ್‌ನಲ್ಲಿ ಅಮೆರಿಕಾ ಸರ್ಕಾರನೇ ಅಡೋಬಿ ಮ್ಯಾಲ ಕೇಸ್ ಹಾಕ್ತು. ಫೈನಲ್ ಸೆಮ್‌ನವರು ವರ್ಷದ ಕರಾರು ಮುಟ್ಟಲೇಬ್ಯಾಡ್ರಿ ಅನ್ನೋದು ನನ್ನ ಖಡಕ್ ಅಭಿಪ್ರಾಯ.

(4/4)
ಡಿಪ್ಲೊಮಾ, ಬಿಇ ಸಿವಿಲ್‌ನವರಿಗೆ ಇದು. ಆಟೋಕ್ಯಾಡ್ ವಿದ್ಯಾರ್ಥಿಗಳಿಗೆ ಪುಕ್ಕಟ, ಒಂದು ವರ್ಷಕ್ಕ, ಓದ್ತಿರೋತನಕ ವರ್ಷಾವರ್ಷ ನವೀಕರಣ. ಆದ್ರ ಇದು ಹಾಡಿನ ಆ್ಯಪ್ ಥರ ಅಲ್ಲ. ಅಲ್ಲಿ ರೇಟ್ ಅಷ್ಟೇ ಕಡಿಮಿ, ಇಲ್ಲಿ ಬಳಕೆಗೇ ಕಟ್ಟು ಅದ: ಕಲಿಯೋಕೆ ಮಾತ್ರ. ಊರಿನ್ಯಾಗ ಯಾರಿಗೋ ಮನಿ ಪ್ಲಾನ್ ಹಾಕಿಕೊಟ್ಟು ಎರಡು ಸಾವಿರ ತಗೊಂಡ್ರ, ಅವಧಿ ಇನ್ನೂ ಎಂಟು ತಿಂಗಳಿದ್ರೂ ಅದು ನಿಯಮ ಮುರಿದಂಗೇ. ಜೆಟ್‌ಬ್ರೇನ್ಸ್‌ನ ಪುಕ್ಕಟ ಲೈಸೆನ್ಸೂ ಹಿಂಗೇ, ಒಂದು ವರ್ಷ, ದುಡಿಮೆಗೆ ಬಳಸೋ ಹಂಗಿಲ್ಲ. ಅವರು ಪಾಸಾದವರಿಗೆ ರಿಯಾಯಿತಿನಾದ್ರೂ ಕೊಡ್ತಾರ.

ಪಾಸಾದ ಹೊಸದರಾಗ ಕೆಲಸ ಸಿಗೋ ಮೊದಲೇ ಚಿಲ್ಲರೆ ಕೆಲಸ ಬರ್ತಾವ. ಲೈಸೆನ್ಸ್ ಸಾಯೋದೂ ಅದೇ ಹೊತ್ತಿಗೆ. ಅದಕ್ಕ ಕೊನೆ ಸೆಮ್‌ನಲ್ಲೇ ಡ್ರಾಯಿಂಗ್‌ಗಳನ್ನ ಡಿಎಕ್ಸ್‌ಎಫ್ ಫಾರ್ಮ್ಯಾಟ್‌ನಲ್ಲೂ ಸೇವ್ ಮಾಡಿಟ್ಕೊಳ್ರಿ. ಲಿಬ್ರೆಕ್ಯಾಡ್ ಪುಕ್ಕಟ, ಅದರಾಗ ದುಡಿದ್ರ ಯಾರೂ ಕೇಳೋದಿಲ್ಲ, ಡಿಎಕ್ಸ್‌ಎಫ್ ಅದರ ಸ್ವಂತ ಫಾರ್ಮ್ಯಾಟ್. ತ್ರೀಡಿ ಇಲ್ಲ, ಆದ್ರ ಮನಿ ಪ್ಲಾನಿಗೆ ಸಾಕು.

ಕಾಲೇಜ್ ಮೇಲ್ ಐಡಿ ಇದ್ದವರು ಇನ್ನೊಂದು ಮಾಡ್ರಿ. ಗಿಟ್‌ಹಬ್ ಖಾತೆಗೆ ಸ್ವಂತ ಜಿಮೇಲ್ ಸೇರಿಸಿ ಅದನ್ನೇ ಪ್ರೈಮರಿ ಮಾಡ್ರಿ. ಕಾಲೇಜ್‌ನವರು ಮೇಲ್ ಬಂದ್ ಮಾಡಿದ ಮ್ಯಾಲ ಪಾಸ್‌ವರ್ಡ್ ಮರೆತ್ರ, ರೀಸೆಟ್ ಲಿಂಕ್ ಹೋಗೋದು ಆ ಬಂದಾದ ಡಬ್ಬಿಗೇ. ಗೂಗಲ್ ಡ್ರೈವ್‌ನ ಫೈಲ್‌ಗಳನ್ನ takeout.google.com ನಿಂದ ಇಳಿಸಿಕೊಳ್ರಿ. ಮೈಕ್ರೋಸಾಫ್ಟ್‌ನಲ್ಲಿ ಕಾಲೇಜ್ ಖಾತೆ ಅಳಿಸಿದ ಮ್ಯಾಲ, ಅಡ್ಮಿನ್ ಅವಧಿ ಬದಲಿಸಿಲ್ಲಂದ್ರ, ಒನ್‌ಡ್ರೈವ್ ಫೈಲ್ ಉಳಿಯೋದು 30 ದಿನ.

ಯಾರ ಬೊನಾಫೈಡ್ ತಿರಸ್ಕಾರ ಆಗ್ಯದ, ಏನು ಕಾರಣ ಕೊಟ್ಟಾರ ಅಂತ ಕಮೆಂಟ್‌ನಲ್ಲಿ ಬರೀರಿ. ಫೋಟೋ ಮಾತ್ರ ಹಾಕಬ್ಯಾಡ್ರಿ, ಅದರಾಗ ನಿಮ್ಮ ರಿಜಿಸ್ಟರ್ ನಂಬರ್ ಇರ್ತದ.

#ತಿಂಥಣಿ #ಸುರಪುರ #ಫೈನಲ್‌ಸೆಮ್