ದಣಪೆಯವರೆಗಿನ ದಾರಿ

ಆನ್‌ಲೈನ್ ಆರ್ಡರ್‌ನಲ್ಲಿ ವಿಳಾಸದ ಖಾನೆಗಳನ್ನು ರೂಪಿಸಿದವರು ಯಾರೋ ಗೊತ್ತಿಲ್ಲ, ತೀರ್ಥಹಳ್ಳಿ ಕಡೆಯ ಹಳ್ಳಿಯನ್ನಂತೂ ಅವರು ನೋಡಿದಂತಿಲ್ಲ. ಫ್ಲ್ಯಾಟ್ ನಂಬರ್, ಬಿಲ್ಡಿಂಗ್ ಹೆಸರು, ರಸ್ತೆ, ಬಡಾವಣೆ ಎಲ್ಲವನ್ನೂ ಕೇಳುತ್ತಾರೆ. ಇಲ್ಲಿ ಮನೆಗೆ ಹೆಸರಿದೆ, ರಸ್ತೆಗಿಲ್ಲ. ಮೇಲಿನಮನೆ, ಕೆಳಗಿನಮನೆ, ಆಚೆಮನೆ ಅಂದರೆ ಊರವರಿಗೆ ಸಾಕು; ಆದರೆ ಪಕ್ಕದ ಊರಲ್ಲೂ ಒಂದು ಮೇಲಿನಮನೆ ಇರುತ್ತದೆ. ಖಾನೆ ಖಾಲಿ ಬಿಟ್ಟರೆ ಆ್ಯಪ್ ಮುಂದಕ್ಕೆ ಹೋಗುವುದಿಲ್ಲ. ಹಾಗಾಗಿ ಬಹಳ ಜನ ಎಲ್ಲ ಖಾನೆಗೂ ಊರ ಹೆಸರನ್ನೇ ತುಂಬಿ ಕೈತೊಳೆದುಕೊಳ್ಳುತ್ತಾರೆ.

ಅಂಚೆಗೆ ಅಷ್ಟು ಸಾಕಾಗುತ್ತಿತ್ತು. 1972ರ ಆಗಸ್ಟ್ 15ರಂದು ಜಾರಿಗೆ ಬಂದ ಪಿನ್‌ಕೋಡ್ ಕಾಗದವನ್ನು ಮನೆಗೆ ಮುಟ್ಟಿಸಲು ಹುಟ್ಟಿದ್ದಲ್ಲ, ಸರಿಯಾದ ಅಂಚೆ ಕಚೇರಿಗೆ ಮುಟ್ಟಿಸಲು ಹುಟ್ಟಿದ್ದು. 577432 ಎಂದು ಬರೆದರೆ ಚೀಲ ತೀರ್ಥಹಳ್ಳಿಗೆ ಬಂತು. ಅಲ್ಲಿಂದ ಹಳ್ಳಿಯ ಶಾಖಾ ಅಂಚೆಗೆ, ಅಲ್ಲಿಂದ ಪೋಸ್ಟ್‌ಮ್ಯಾನ್ ಕೈಗೆ. ಮುಂದಿನದೆಲ್ಲ ಅವರ ತಲೆಯಲ್ಲಿತ್ತು. ಇಂಥವರ ಮಗ, ಇಂಥ ಊರು ಅಂತಿದ್ದರೆ ಮುಗಿಯಿತು. ಕೊರಿಯರ್ ಹುಡುಗನ ಕೈಯಲ್ಲಿರುವುದೂ ಅದೇ ಆರಂಕಿ, ಆದರೆ ಆ ತಲೆ ಅವನಿಗಿಲ್ಲ. ಪೇಟೆಯಿಂದ ಬೈಕಿನಲ್ಲಿ ಬರುವ ಅವನು ಊರು ಪರಿಚಯವಾಗುವಷ್ಟರಲ್ಲಿ ಕೆಲಸ ಬಿಟ್ಟಿರುತ್ತಾನೆ, ಮತ್ತೊಬ್ಬ ಬಂದಿರುತ್ತಾನೆ.

ಮ್ಯಾಪ್ ಇದೆಯಲ್ಲ, ಲೊಕೇಶನ್ ಕಳಿಸಿದರಾಯಿತು ಎನ್ನುವವರಿಗೆ ನಮ್ಮ ಕಡೆಯ ಒಂದು ಮನೆಯ ಉದಾಹರಣೆ ಹೇಳುತ್ತೇನೆ. ಮುಂದೆ ಅಂಗಳ, ಅದರಾಚೆ ಮಣ್ಣು ರಸ್ತೆ, ರಸ್ತೆಗೆ ದಣಪೆ. ಮನೆ ಹಿಂದೆ ಅಡಿಕೆ ತೋಟ, ತೋಟದ ತುದಿಗೆ ಹಳ್ಳ, ಹಳ್ಳದಾಚೆ ಡಾಂಬರು ರಸ್ತೆ. ಮನೆಯವರು ಜಗಲಿಯಲ್ಲಿ ಕೂತು ಲೊಕೇಶನ್ ಕಳಿಸಿದರು. ಗುರುತು ಸರಿಯಾಗಿ ಮನೆ ಮೇಲೇ ಬಿತ್ತು. ಆದರೆ ಮ್ಯಾಪ್ ದಾರಿ ಹೇಳುವುದು ತನಗೆ ಗೊತ್ತಿರುವ ರಸ್ತೆಗಳ ಮೇಲೆ; ಗುರುತಿಗೆ ಹತ್ತಿರವಾದ ರಸ್ತೆಯ ತನಕ ಕರೆತಂದು ‘ತಲುಪಿದಿರಿ’ ಎನ್ನುತ್ತದೆ. ಮಣ್ಣು ರಸ್ತೆ ಅದರಲ್ಲಿ ಇರಲಿಲ್ಲ. ಹುಡುಗ ಹಳ್ಳದಾಚೆಯ ಡಾಂಬರಿನಲ್ಲಿ ನಿಂತು ಫೋನು ಮಾಡಿದ. ಅಡಿಕೆ ಮರಗಳ ನಡುವೆ ಮನೆಯ ಹೆಂಚು ಕಾಣುತ್ತಿತ್ತು. ಬೇಸಿಗೆಯಾಗಿದ್ದರೆ ಕಾಲುಸಂಕ ದಾಟಿ ನಡೆದೇ ಬರಬಹುದಿತ್ತು. ಮಳೆಗಾಲದಲ್ಲಿ ಸಂಕದ ಮೇಲೇ ನೀರು. ಬೈಕು ತಿರುಗಿಸಿ, ಸೇತುವೆ ಬಳಸಿ, ಊರೆಲ್ಲ ಸುತ್ತಿ ಬರಬೇಕು.

ಇದಕ್ಕೆ ಮದ್ದು ಸುಲಭ, ಮಾಡುವವರು ಕಡಿಮೆ. ಗುರುತನ್ನು ಮನೆಯ ಮೇಲೆ ಹಾಕಬಾರದು, ಬೈಕು ನಿಲ್ಲುವ ಜಾಗದಲ್ಲಿ ಹಾಕಬೇಕು. ದಣಪೆಯ ಹತ್ತಿರ ಹೋಗಿ, ಬಯಲಲ್ಲಿ ಎರಡು ನಿಮಿಷ ನಿಂತು, ಜಿಪಿಎಸ್ ನೆಲೆಗೊಂಡ ಮೇಲೆ ಆ ಜಾಗವನ್ನು ಉಳಿಸಿಕೊಳ್ಳಬೇಕು. ಮಾಡಿನ ಕೆಳಗೆ, ದಟ್ಟ ಮರಗಳ ನಡುವೆ ನಿಂತರೆ ನೀಲಿ ಚುಕ್ಕೆಯ ಸುತ್ತ ದೊಡ್ಡ ವೃತ್ತ ಕಾಣುತ್ತದಲ್ಲ, ನೀವು ಅಷ್ಟರೊಳಗೆ ಎಲ್ಲಾದರೂ ಇರಬಹುದು ಎಂದು ಅದರ ಅರ್ಥ. ವೃತ್ತ ಚಿಕ್ಕದಾಗುವ ತನಕ ಕಾಯಬೇಕು. ದಣಪೆಗೂ ಮ್ಯಾಪಿನ ರಸ್ತೆ ಮುಟ್ಟದಿದ್ದರೆ ಮಣ್ಣು ರಸ್ತೆ ಒಡೆಯುವ ಕವಲಿಗೇ ಗುರುತು ಹಾಕಿ, ಉಳಿದದ್ದನ್ನು ಬಾಯಲ್ಲಿ ಹೇಳುವುದು ವಾಸಿ.

ಬಾಯಲ್ಲಿ ಹೇಳುವುದಕ್ಕೂ ಒಂದು ಕ್ರಮ ಬೇಕು. ‘ಸರ್, ಪಾರ್ಸಲ್ ಇದೆ, ಹ್ಯಾಗೆ ಬರ್ಬೇಕು?’ ಎಂದು ಹುಡುಗ ಕೇಳಿದ ಕೂಡಲೇ ನಮ್ಮವರು ತಮ್ಮ ಮನೆಯಿಂದ ಶುರುಮಾಡುತ್ತಾರೆ: ಪಟೇಲರ ಮನೆ ದಾಟಿ ಹಲಸಿನ ಮರದ ಹತ್ತಿರ ಎಡಕ್ಕೆ. ಪಟೇಲರು ಯಾರೆಂದು ಅವನಿಗೆ ಗೊತ್ತಿಲ್ಲ, ಹಲಸಿನ ಮರ ಮನೆಗೊಂದು ಇದೆ. ಎಡವೂ ಯಾವ ಕಡೆಯಿಂದ ಬಂದರೆ ಎಡ? ಮೊದಲು ಕೇಳಬೇಕಾದ್ದು ‘ಈಗ ಎಲ್ಲಿದೀಯ ಮಾರಾಯ, ಎದುರಿಗೆ ಏನು ಕಾಣ್ತಿದೆ?’ ಅಂತ. ಅವನು ಬಸ್ ತಂಗುದಾಣ ಅನ್ನಲಿ, ಟಿಸಿ ಕಂಬ ಅನ್ನಲಿ, ಅಲ್ಲಿಂದ ಮುಂದಕ್ಕೆ ದಾರಿ ಕಟ್ಟಬೇಕು. ಗುರುತುಗಳೂ ಬೈಕಿನ ಮೇಲಿಂದ ಕಾಣುವಂಥವೇ ಆಗಬೇಕು: ನೀರಿನ ಟ್ಯಾಂಕು, ಶಾಲೆ, ಹಾಲಿನ ಡೇರಿ, ಮೋರಿ, ಗ್ರಾಮ ಸಡಕ್ ಯೋಜನೆಯ ಫಲಕ. ಮುಚ್ಚಿ ಹೋದ ಅಂಗಡಿಯನ್ನು ಇನ್ನೂ ‘ಶೆಟ್ರ ಅಂಗಡಿ’ ಅನ್ನುವ ಅಭ್ಯಾಸ ನಮಗಿದೆ. ಹೊಸಬನಿಗೆ ಅಲ್ಲಿ ಕಾಣುವುದು ಬೀಗ ಹಾಕಿದ ಬಾಗಿಲು ಮಾತ್ರ.

ಒಂದು ಗುರುತು ಹೆಚ್ಚಿಗೆ ಹೇಳಲೇಬೇಕು, ಅದು ತಪ್ಪಿದರೆ ಗೊತ್ತಾಗುವ ಗುರುತು. ‘ದೇವಸ್ಥಾನದ ಕಮಾನು ಕಂಡರೆ ಮುಂದೆ ಬಂದಿದೀಯ, ವಾಪಸ್ ತಿರುಗು.’ ಇದನ್ನು ಮೊದಲೇ ಹೇಳಬೇಕು, ಏಕೆಂದರೆ ಕವಲಿನಿಂದ ಕೆಳಗಿಳಿದರೆ ನೆಟ್‌ವರ್ಕ್ ಇರುವುದಿಲ್ಲ. ಮಲೆನಾಡಿನ ಗುಂಡಿಗಳಲ್ಲಿ ದಾರಿ ಕೇಳುವ ಎರಡನೆಯ ಫೋನು ಬರುವುದೇ ಇಲ್ಲ. ಲೊಕೇಶನ್ನಿನ ನಕ್ಷೆಯೂ ಅರ್ಧಂಬರ್ಧ ತೆರೆದುಕೊಂಡು ಅಲ್ಲೇ ನಿಂತಿರುತ್ತದೆ. ಮೊದಲ ಫೋನಿನಲ್ಲೇ ಪೂರ್ತಿ ದಾರಿ ಹೇಳಿ, ಅವನ ಬಾಯಿಂದ ಒಮ್ಮೆ ವಾಪಸ್ ಹೇಳಿಸಿದರೆ ಕೆಲಸ ಆದಂತೆ.

ಇಷ್ಟನ್ನು ಆರ್ಡರ್ ಮಾಡುವಾಗಲೇ ಲ್ಯಾಂಡ್‌ಮಾರ್ಕ್ ಖಾನೆಯಲ್ಲಿ ಬರೆದಿಡಬಹುದು: ‘ತೀರ್ಥಹಳ್ಳಿ ಕಡೆಯಿಂದ ಬರುವಾಗ ಡೇರಿ ದಾಟಿ ಮೊದಲ ಮೋರಿ, ಬಲಕ್ಕೆ ಮಣ್ಣು ರಸ್ತೆ, ನೀಲಿ ಡ್ರಮ್ ಇರುವ ದಣಪೆ.’ ಹೆಚ್ಚಿನ ಆ್ಯಪ್‌ಗಳಲ್ಲಿ ಅಕ್ಷರಕ್ಕೆ ಮಿತಿ ಇರುವುದರಿಂದ ತಾಲ್ಲೂಕು, ಜಿಲ್ಲೆಗಳನ್ನು ಅಲ್ಲಿ ಮತ್ತೆ ಬರೆದು ಜಾಗ ಹಾಳುಮಾಡಬಾರದು. ಅವು ಪಿನ್‌ಕೋಡಿನಲ್ಲೇ ಬಂದಿವೆ.

ಬೆಂಗಳೂರಿನ ಮಗ ಊರಿನ ಅಪ್ಪನಿಗೆ ಮಿಕ್ಸಿ ಕಳಿಸಿದಾಗ ಇನ್ನೊಂದು ತೊಡಕು. ಫೋನ್ ನಂಬರ್ ಮಗನದು, ಒಟಿಪಿ ಅವನಿಗೆ, ಹುಡುಗನ ಫೋನೂ ಅವನಿಗೇ. ಅವನು ಮೀಟಿಂಗಿನಲ್ಲಿ. ದಣಪೆಯ ತನಕ ಬಂದ ಪಾರ್ಸಲ್ಲು ‘ಗ್ರಾಹಕರು ಸಿಗಲಿಲ್ಲ’ ಎಂಬ ಷರಾದೊಂದಿಗೆ ವಾಪಸ್. ವಿಳಾಸದ ಖಾನೆಯಲ್ಲಿ ಮನೆಯಲ್ಲಿರುವವರ ನಂಬರನ್ನೇ ಕೊಡಬೇಕು. ಗುರುತಿಲ್ಲದ ನಂಬರು ಎತ್ತಬೇಡಿ ಎಂದು ನಾವೇ ಅಪ್ಪಂದಿರನ್ನು ಹೆದರಿಸಿಟ್ಟಿದ್ದೇವೆ, ಹೆದರಿಸಿದ್ದು ತಪ್ಪೂ ಅಲ್ಲ. ಆದರೆ ಪಾರ್ಸಲ್ ಬರುವ ದಿನ ಎತ್ತಿ ಎಂದು ಹೇಳಿರಬೇಕು. ಒಟಿಪಿ ಮಗನ ಫೋನಿಗೇ ಬರುವುದಾದರೆ ಅದನ್ನು ಪೆಟ್ಟಿಗೆ ಕಣ್ಣೆದುರು ಬಂದ ಮೇಲೆ ಹೇಳುವುದು, ಮೊದಲಲ್ಲ.

2025ರ ಮೇನಲ್ಲಿ ಅಂಚೆ ಇಲಾಖೆ ಡಿಜಿಪಿನ್ ತಂದಿತು. ದೇಶವನ್ನೆಲ್ಲ ಸುಮಾರು 4 ಮೀಟರ್ ಉದ್ದಗಲದ ಚೌಕಗಳಾಗಿ ಸೀಳಿ, ಒಂದೊಂದಕ್ಕೂ ಹತ್ತು ಅಕ್ಷರಗಳ ಗುರುತು. ರಸ್ತೆಗೆ ಹೆಸರಿಲ್ಲದ ಊರಿಗೆ ಇದು ಒಳ್ಳೆಯದೇ. ಫೋನಿನಲ್ಲಿ ಹೇಳಬಹುದು, ಚೀಟಿಯಲ್ಲಿ ಬರೆದು ಕೊಡಬಹುದು. ಆದರೆ ಅದು ಹೇಳುವುದು ಜಾಗ, ದಾರಿಯಲ್ಲ. ಹಳ್ಳ ಯಾವ ಕಡೆ, ಸಂಕ ಮುಳುಗಿದೆಯೇ ಎಂಬುದು ಆ ಹತ್ತು ಅಕ್ಷರಗಳಲ್ಲಿ ಇರುವುದಿಲ್ಲ. ಅದನ್ನೂ ದಣಪೆಯ ಚೌಕಕ್ಕೇ ತೆಗೆದುಕೊಳ್ಳಬೇಕು, ಜಗಲಿಯ ಚೌಕಕ್ಕಲ್ಲ.

ಸುತ್ತಾಡಿದ ಪೆಟ್ರೋಲು ಹುಡುಗನ ಕಿಸೆಯದು ಎಂಬುದನ್ನೂ ಹೇಳಬೇಕು. ಅವರಲ್ಲಿ ಬಹಳ ಜನಕ್ಕೆ ಸಿಗುವುದು ಪಾರ್ಸಲ್ಲಿಗೆ ಇಷ್ಟು ಎಂಬ ಲೆಕ್ಕ. ಅದಕ್ಕೇ ಒಳದಾರಿಯ ಮನೆಗಳ ಪೆಟ್ಟಿಗೆಗಳನ್ನು ಕ್ರಾಸಿನ ಅಂಗಡಿಯಲ್ಲಿಟ್ಟು ಹೋಗುತ್ತಾರೆ. ಅಂಗಡಿಯವರು ಬೇಸರಿಸದೆ ಸಕ್ಕರೆ ಚೀಲದ ಪಕ್ಕ ಜೋಡಿಸಿಟ್ಟಿರುತ್ತಾರೆ, ಕೆಲವೊಮ್ಮೆ ಕ್ಯಾಶ್ ಆನ್ ಡೆಲಿವರಿಯ ದುಡ್ಡನ್ನೂ ತಾವೇ ಕೊಟ್ಟಿರುತ್ತಾರೆ. ಹುಡುಗರಲ್ಲಿ ಜಾಣರಾದವರು ಮೊದಲ ಸಲ ಬಂದಾಗಲೇ ನಂಬರನ್ನು ‘ಹಳ್ಳದಾಚೆ ಭಟ್ರು, ಸೇತುವೆ ಕಡೆಯಿಂದ’ ಎಂದು ಸೇವ್ ಮಾಡಿಕೊಳ್ಳುತ್ತಾರೆ. ಅಂಥವನೊಬ್ಬ ಸಿಕ್ಕಿದರೆ, ಅವನು ಕೆಲಸ ಬಿಡುವ ಮೊದಲು ಆ ಪಟ್ಟಿಯನ್ನು ಮುಂದಿನವನಿಗೆ ಕಳಿಸಿ ಹೋಗು ಎಂದು ಕೇಳಿಕೊಳ್ಳುವುದು ಊರವರ ಕೆಲಸ.