ಸೋಪಿನ ಮೇಲೆ ಬ್ಯಾಚ್ ನಂಬರ್ ಇಲ್ಲ ಅಂದ್ರೆ ನಮ್ಮ ಹತ್ರ ತಗೋಬೇಡಿ

1/6

"ಸೋಪು ಯಾಕೆ ಸಿಗ್ತಿಲ್ಲ? ಪೇಜ್ ಮುಚ್ಚಿದ್ರಾ?" ಅಂತ ಎರಡು ತಿಂಗಳಿಂದ ಕೇಳ್ತಿದ್ದೀರಿ. ಇವತ್ತು ಹೇಳ್ತೀನಿ. ಆರು ಪೋಸ್ಟ್ ಆಗುತ್ತೆ. ಪೂರ್ತಿ ಓದಿ, ಆಮೇಲೆ ಬೈಯೋದಿದ್ರೆ ಬೈರಿ.

ಈ ಫೋಟೊದಲ್ಲಿ ಇರೋವು ನಾವು ಮೂರು ಜನ ಗೆಳತಿಯರು ಕೊಟ್ಟೂರಿನ ನಮ್ಮನೆ ಅಡುಗೆಮನೆಯಲ್ಲಿ ಮಾಡಿದ ಸೋಪುಗಳು. ನೋಡೋಕೆ ಎಷ್ಟು ಚಂದ ಅಲ್ವಾ? ಇವುಗಳಲ್ಲಿ ಕೆಲವು ಕೈ ಸುಡೋ ಸೋಪು. ಯಾವುವು ಅಂತ ಹೇಳಿ ನೋಡೋಣ. ನಿಮಗೆ ಗೊತ್ತಾಗಲ್ಲ. ನಮಗೂ ಗೊತ್ತಾಗ್ಲಿಲ್ಲ.

ಹಡಗಲಿಯ ಜೂನಿಯರ್ ಒಬ್ಬಳು ಮೆಸೇಜ್ ಮಾಡಿದ್ಲು. "ಅಕ್ಕಾ, ನಿಮ್ಮ ಸೋಪು ಹಚ್ಚಿದಾಗಿಂದ ಅವ್ವನ ಕೈ ಉರಿ ಉರಿ ಅಂತೈತಿ. ಬೆಳಿಗ್ಗೆ ಹೂ ಬಿಡಿಸಾಕ ಆಗವಲ್ದು." ಅವರವ್ವ ಮಲ್ಲಿಗೆ ತೋಟದ ಕೂಲಿಗೆ ಹೋಗೋರು. ಅವರಿಗೆ ಬೆರಳೇ ದುಡಿಮೆ. ನಾನು ಮೊದಲು ಬರೆದ ಉತ್ತರ ಏನು ಗೊತ್ತಾ? "ನ್ಯಾಚುರಲ್ ಸೋಪು ಕಣೇ, ಇದರಿಂದ ಆಗಿರಲ್ಲ."

ಆ ಒಂದು ಸಾಲಿಗೆ ನನಗೆ ಇವತ್ತಿಗೂ ನಾಚಿಕೆ. ಈ ಸರಣಿ ಆ ಸಾಲಿನ ವಿರುದ್ಧ.

2/6

ಆಗಿದ್ದು ಇಷ್ಟು. ನಮ್ಮ ಒಂದು ಬ್ಯಾಚಿಗೆ 700 ಗ್ರಾಂ ಕೊಬ್ಬರಿ ಎಣ್ಣೆ, 300 ಗ್ರಾಂ ಶೇಂಗಾ ಎಣ್ಣೆ, 160 ಗ್ರಾಂ ಕಾಸ್ಟಿಕ್ ಸೋಡಾ. ಮೂರನೇ ಸಲ ಮಾಡುವಾಗ ಕೊಬ್ಬರಿ ಎಣ್ಣೆ ಸಾಲಲಿಲ್ಲ. ರೇಟು ಕೇಳಿದ್ರೆ ತಲೆ ತಿರುಗೋ ಹಾಗಿತ್ತು. ನಮ್ಮ ಕಡೆ ಗಾಣದ ಶೇಂಗಾ ಎಣ್ಣೆಗೆ ಬರ ಇಲ್ಲವಲ್ಲ, ಅದನ್ನೇ 700 ಹಾಕಿ, ಕೊಬ್ಬರಿ ಎಣ್ಣೆ 300ಕ್ಕೆ ಇಳಿಸಿದ್ವಿ. ಒಟ್ಟು ಎಣ್ಣೆ ಒಂದು ಕೆಜಿನೇ ಆಯ್ತಲ್ಲ ಅಂತ ಕಾಸ್ಟಿಕ್ ಅಷ್ಟೇ ಹಾಕಿದ್ವಿ.

ತಪ್ಪು ಅಲ್ಲೇ. ಎಲ್ಲಾ ಎಣ್ಣೆಯೂ ಒಂದೇ ಅಳತೆಯ ಕಾಸ್ಟಿಕ್ ತಿನ್ನಲ್ಲ. ಕೊಬ್ಬರಿ ಎಣ್ಣೆಯ ಕೊಬ್ಬಿನ ಕಣಗಳು ಚಿಕ್ಕವು, ಹಾಗಾಗಿ ಅದೇ ತೂಕದಲ್ಲಿ ಹೆಚ್ಚು ಕಣ ಇರುತ್ತವೆ, ಹೆಚ್ಚು ಕಾಸ್ಟಿಕ್ ಬೇಕು. ಒಂದು ಗ್ರಾಂ ಕೊಬ್ಬರಿ ಎಣ್ಣೆಗೆ ಸುಮಾರು 0.183 ಗ್ರಾಂ. ಶೇಂಗಾ ಎಣ್ಣೆಗೆ ಸುಮಾರು 0.136 ಗ್ರಾಂ ಸಾಕು.

ಈಗ ಲೆಕ್ಕ ಹಾಕಿ. ಹಳೇ ಅಳತೆಯಲ್ಲಿ ಕೊಬ್ಬರಿ ಎಣ್ಣೆಗೆ 128, ಶೇಂಗಾ ಎಣ್ಣೆಗೆ 41, ಒಟ್ಟು 169 ಗ್ರಾಂ ಕಾಸ್ಟಿಕ್ ಹಿಡೀತಿತ್ತು. ನಾವು 160 ಹಾಕ್ತಿದ್ವಿ, ಅಂದ್ರೆ ಸ್ವಲ್ಪ ಎಣ್ಣೆನೇ ಉಳೀತಿತ್ತು. ಚರ್ಮಕ್ಕೆ ಅದು ಒಳ್ಳೇದು. ಹೊಸ ಅಳತೆಯಲ್ಲಿ 55 ಮತ್ತು 95, ಒಟ್ಟು 150 ಗ್ರಾಂ ಸಾಕು. ನಾವು ಹಾಕಿದ್ದು 160. ಉಳಿದ ಹತ್ತು ಗ್ರಾಂ ಕಾಸ್ಟಿಕ್ಕಿಗೆ ತಿನ್ನೋಕೆ ಎಣ್ಣೆನೇ ಇರಲಿಲ್ಲ. ಅದು ಸೋಪಿನಲ್ಲೇ ಕೂತಿತ್ತು, ಹಡಗಲಿಯ ಆ ಕೈ ಮುಟ್ಟೋ ತನಕ.

3/6

ಹತ್ತು ಗ್ರಾಂ ಏನು ಮಹಾ ಅನ್ನಬೇಡಿ. ಸ್ನಾನದ ಸೋಪಿಗೆ ಬಿಐಎಸ್ ಮಾಡಿರೋ ಮಾನದಂಡ ಐಎಸ್ 2888. ಅದರ ಪ್ರಕಾರ ಸೋಪಿನಲ್ಲಿ ಉಳಿದ ಕಾಸ್ಟಿಕ್ ಶೇಕಡಾ 0.05 ದಾಟಬಾರದು. ನಮ್ಮ ಬ್ಯಾಚಿನ ತೂಕ ನೀರೂ ಸೇರಿ ಸುಮಾರು ಒಂದೂವರೆ ಕೆಜಿ. ಅದರಲ್ಲಿ ಹತ್ತು ಗ್ರಾಂ ಅಂದ್ರೆ ಮಿತಿಯ ಹತ್ತು ಪಟ್ಟಿಗೂ ಜಾಸ್ತಿ.

ಆದ್ರೆ ನನ್ನ ನಿಜವಾದ ಸಿಟ್ಟು ಆ ಹತ್ತು ಗ್ರಾಂ ಮೇಲಲ್ಲ. ಅಳತೆ ತಪ್ಪೋದು ದೊಡ್ಡ ಫ್ಯಾಕ್ಟರಿಯಲ್ಲೂ ಆಗುತ್ತೆ. ಆಮೇಲೆ ಆಗಿದ್ದು ಕೇಳಿ.

ಮೂರು ಬ್ಯಾಚು, ಬ್ಯಾಚಿಗೆ 14ರಂತೆ 42 ಸೋಪು ಮಾರಿದ್ವಿ. ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಅಂತ ಬಸ್ಸಲ್ಲಿ ಬರೋ ಕ್ಲಾಸ್‌ಮೇಟ್ಸ್ ಬ್ಯಾಗಿನಲ್ಲಿ ಹೋದವು. ಕೆಟ್ಟವು 14. ಅವು ಯಾರ ಮನೆಗೆ ಹೋದವು? ಗೊತ್ತಿಲ್ಲ. ಎಲ್ಲದಕ್ಕೂ ಒಂದೇ ಬಣ್ಣ, ಒಂದೇ ಕಾಗದ, ಒಂದೇ ದಾರ. ಯಾವ ದಿನ ಮಾಡಿದ್ದು ಅಂತ ಎಲ್ಲೂ ಬರೆದಿಲ್ಲ. ಕೊನೆಗೆ 42 ಜನರಿಗೂ ಫೋನ್ ಮಾಡಿ "ಹಚ್ಚಬೇಡಿ, ವಾಪಸ್ ಕೊಡಿ" ಅನ್ನಬೇಕಾಯ್ತು. 29 ವಾಪಸ್ ಬಂದವು. ಉಳಿದವು ಕರಗಿ ಹೋಗಿದ್ವು. ಯಾರ ಮೈ ಮೇಲೆ ಅಂತ ನಮಗೆ ಇವತ್ತಿಗೂ ಗೊತ್ತಿಲ್ಲ.

ಬಿಕಾಂ ಓದೋರು ನಾವು! ವೋಚರ್ ಇಲ್ಲದೆ ಒಂದು ಎಂಟ್ರಿ ಹಾಕಿದ್ರೆ ಮಾರ್ಕ್ಸ್ ಕಟ್ ಆಗುತ್ತೆ ಅಂತ ಗೊತ್ತು. ಜನರ ಚರ್ಮಕ್ಕೆ ಹಚ್ಚೋ ವಸ್ತುವಿಗೆ ಮಾತ್ರ ವೋಚರ್ ಇಲ್ಲ, ಲೆಡ್ಜರ್ ಇಲ್ಲ. ಲೋಗೋ ಮಾಡೋಕೆ ಒಂದು ವಾರ ಕೂತಿದ್ವಿ. ಬ್ಯಾಚ್ ನಂಬರ್ ಬರೆಯೋಕೆ ಪೆನ್ನು ಎತ್ತಲಿಲ್ಲ.

4/6

ಈಗ ಲೈಸೆನ್ಸ್ ವಿಷಯ. ಇಲ್ಲಿ ನಮ್ಮ ಕಡೆ ಮೂರು ಸುಳ್ಳು ಓಡಾಡ್ತವೆ.

ಒಂದು, "ಮನೇಲಿ ಸ್ವಲ್ಪ ಮಾಡಿದ್ರೆ ಲೈಸೆನ್ಸ್ ಬೇಡ." ನಮ್ಮನೆಗೆ ಮಾತ್ರ ಮಾಡ್ಕೊಂಡ್ರೆ ಯಾರೂ ಕೇಳಲ್ಲ. ಮಾರೋಕೆ ಮಾಡಿದ್ರೆ 1940ರ ಔಷಧ ಮತ್ತು ಪ್ರಸಾಧನ ಸಾಮಗ್ರಿ ಕಾಯ್ದೆ ಅನ್ವಯಿಸುತ್ತೆ. ಅದರಲ್ಲಿ ಅಡುಗೆಮನೆಗೆ ವಿನಾಯಿತಿ ಇಲ್ಲ. ಹದಿನಾಲ್ಕು ಸೋಪಿಗೂ ಲೈಸೆನ್ಸ್ ಬೇಕು.

ಎರಡು, "ಉದ್ಯಮ್ ಮಾಡಿಸಿದೀನಿ, ಎಫ್‌ಎಸ್‌ಎಸ್‌ಎಐ ಐತಿ." ಉದ್ಯಮ್ ಅಂದ್ರೆ ನೀವು ಒಂದು ಉದ್ಯಮ ಅಂತ ನೋಂದಣಿ, ಅಷ್ಟೇ. ಎಫ್‌ಎಸ್‌ಎಸ್‌ಎಐ ತಿನ್ನೋ ವಸ್ತುವಿಗೆ. ಸೋಪು, ಕ್ರೀಮಿಗೆ ಬೇಕಾಗಿದ್ದು 2020ರ ಪ್ರಸಾಧನ ಸಾಮಗ್ರಿ ನಿಯಮಗಳ ಪ್ರಕಾರ ರಾಜ್ಯದ ಔಷಧ ಲೈಸೆನ್ಸಿಂಗ್ ಅಧಿಕಾರಿ ಕೊಡೋ ತಯಾರಿಕಾ ಪರವಾನಗಿ. ಅರ್ಜಿ COS-5 ಫಾರಂನಲ್ಲಿ, ಪರವಾನಗಿ COS-8ರಲ್ಲಿ. ಅದಕ್ಕೆ ತಯಾರಿಕೆಗಂತಲೇ ಬೇರೆ ಜಾಗ ಬೇಕು, ಬ್ಯಾಚ್ ದಾಖಲೆ ಬೇಕು, ಪರೀಕ್ಷೆಗೆ ಸ್ವಂತ ಲ್ಯಾಬ್ ಇಲ್ಲಾಂದ್ರೆ ಮಾನ್ಯತೆ ಇರೋ ಲ್ಯಾಬ್ ಜೊತೆ ವ್ಯವಸ್ಥೆ ಬೇಕು. ತಯಾರಿಕೆ ನೋಡ್ಕೊಳ್ಳೋಕೆ ಅರ್ಹ ವ್ಯಕ್ತಿ ಒಬ್ಬರು ಬೇಕು. ಫಾರ್ಮಸಿ ಡಿಪ್ಲೊಮಾ ಅಥವಾ ಕೆಮಿಸ್ಟ್ರಿ ಇರೋ ಪಿಯುಸಿಯಂಥ ಓದು ಇದ್ದವರು. ನನ್ನದು ಕಾಮರ್ಸ್. ನಾನು ಎಷ್ಟು ಸೋಪು ಮಾಡಿದ್ರೂ ಆ ಜಾಗದಲ್ಲಿ ನನ್ನ ಸಹಿ ನಡೆಯಲ್ಲ. ಮೊದಲು ಸಿಟ್ಟು ಬಂತು. 0.183, 0.136 ನೆನಪಾದ ಮೇಲೆ ಸಿಟ್ಟು ಇಳೀತು.

ಮೂರನೇದು ಎಲ್ಲಕ್ಕಿಂತ ದೊಡ್ಡದು, "ಕೆಮಿಕಲ್ ಇಲ್ಲ." ಕಾಸ್ಟಿಕ್ ಇಲ್ಲದೆ ಇಂಥ ಸೋಪೇ ಆಗಲ್ಲ. ನಮ್ಮದನ್ನ "ಹಡಗಲಿ ಮಲ್ಲಿಗೆ ಸೋಪು" ಅಂತ ಮಾರಿದ್ವಿ. ಪರಿಮಳ ಬಂದಿದ್ದು ಅಂಗಡಿಯ ಬಾಟಲಿಯಿಂದ. ಹಸಿ ಹೂವಿನ ವಾಸನೆ ಕಾಸ್ಟಿಕ್ಕಿನಲ್ಲಿ ಉಳಿಯಲ್ಲ. ಅದನ್ನ ಲೇಬಲ್ ಮೇಲೆ ಬರೀಲಿಲ್ಲ. ಪದಾರ್ಥಗಳ ಪಟ್ಟಿ ಹಾಕಲೇಬೇಕು ಅಂತ ಕಾನೂನು ಹೇಳೋದು ಇಂಥ ಬಾಯಿ ಮುಚ್ಚಿಸೋಕೆ. ನಮ್ಮ ಬಾಯಿ.

5/6

"ಇದೆಲ್ಲ ದೊಡ್ಡವರಿಗೆ. ಬಡ ಹುಡುಗಿಯರು ಏನೋ ನಾಲ್ಕು ಕಾಸು ದುಡಿದ್ರೆ ನಿನಗೇನು ಕಷ್ಟ?" ಇದನ್ನ ಕೇಳಿದ್ದು ನಮ್ಮ ಸ್ವಂತ ಚಿಕ್ಕವ್ವ. ಮಾತಿನಲ್ಲಿ ಅರ್ಧ ಸತ್ಯ ಐತಿ. ಮೂರು ದಿನದಲ್ಲಿ ಸೋಪು ಮಾಡೋದು ಕಲಿಸಿ ಸರ್ಟಿಫಿಕೇಟ್ ಕೊಡೋರು ಸಿಗ್ತಾರೆ. ನಾನು ಹೋದ ತರಬೇತಿಯಲ್ಲಿ COS-5 ಅನ್ನೋ ಹೆಸರನ್ನೂ ಯಾರೂ ಎತ್ತಲಿಲ್ಲ. ಅದು ಅನ್ಯಾಯ. ಆದ್ರೆ ಆ ಅನ್ಯಾಯದ ಬೆಲೆ ಹೂ ಬಿಡಿಸೋ ಕೈ ಯಾಕೆ ಕಟ್ಟಬೇಕು? ಅವರೂ ಬಡವರೇ ಅಲ್ವಾ ಚಿಕ್ಕವ್ವ?

ನಮ್ಮ ರಾಜ್ಯದ ಹೆಮ್ಮೆಯ ಮೈಸೂರು ಸ್ಯಾಂಡಲ್ ಸೋಪನ್ನೇ ನೋಡಿ. ಮೊದಲ ಮಹಾಯುದ್ಧದಲ್ಲಿ ಶ್ರೀಗಂಧ ಹೊರದೇಶಕ್ಕೆ ಹೋಗೋದು ನಿಂತಾಗ ನಾಲ್ವಡಿ ಕೃಷ್ಣರಾಜ ಒಡೆಯರ್, ವಿಶ್ವೇಶ್ವರಯ್ಯ ಅವರ ಕಾಲದಲ್ಲಿ ಶುರುವಾದ ಕೆಲಸ ಅದು. ಗಂಧ ನಮ್ಮದು, ನ್ಯಾಚುರಲ್, ಹಾಗಾಗಿ ಸೋಪು ತಾನೇ ಚೆನ್ನಾಗಿ ಆಗುತ್ತೆ ಅಂತ ಅವರು ಕೂರಲಿಲ್ಲ. ಎಸ್.ಜಿ. ಶಾಸ್ತ್ರಿ ಅನ್ನೋ ವಿಜ್ಞಾನಿಯನ್ನ ಸೋಪಿನ ವಿದ್ಯೆ ಕಲಿಯೋಕೆ ಇಂಗ್ಲೆಂಡಿಗೆ ಕಳಿಸಿದ್ರು. ಮಹಾರಾಜರ ಸೋಪಿಗೇ ಕೆಮಿಸ್ಟ್ ಬೇಕಾಯ್ತು. ನಮ್ಮದಕ್ಕೆ ಬೇಡ್ವಾ?

ದಾರಿ ಇಲ್ಲ ಅಂತೇನಿಲ್ಲ. ಸ್ವಂತ ಘಟಕ ಕಟ್ಟೋಕೆ ಆಗದವರಿಗೆ ಲೋನ್ ಲೈಸೆನ್ಸ್ ಅಂತ ಇದೆ. ಸಾಲಕ್ಕೂ ಅದಕ್ಕೂ ಸಂಬಂಧ ಇಲ್ಲ. ಈಗಾಗಲೇ ಪರವಾನಗಿ ಇರೋ ಘಟಕದ ಜಾಗ, ಯಂತ್ರ ಬಳಸಿ ನಮ್ಮ ಹೆಸರಲ್ಲಿ ಮಾಡೋಕೆ ಅನುಮತಿ. ಅರ್ಜಿ COS-6, ಪರವಾನಗಿ COS-9. ಒಪ್ಪೋ ಘಟಕ ಹುಡುಕಬೇಕು, ಅದೇ ಕಷ್ಟ. ಅವರಿಗೆ 14 ಸೋಪಿಗೆ ಯಂತ್ರ ಹಚ್ಚೋದು ಗಿಟ್ಟಲ್ಲ. ಆದ್ರೆ ಐದು ತಾಲ್ಲೂಕಲ್ಲಿ ಒಬ್ಬೊಬ್ಬರೇ ಕದ್ದು ಮಾರೋ ಬದಲು ನಾವೆಲ್ಲ ಸೇರಿ ಒಂದೇ ಹೆಸರಲ್ಲಿ ಹೋದ್ರೆ? ಆಗ ಮಾತಾಡೋ ಅಷ್ಟು ಪ್ರಮಾಣ ಆಗುತ್ತೆ.

6/6

ಈ ಕೊನೇ ಫೋಟೊ ಸೋಪಿಂದಲ್ಲ, ಒಂದು ನೋಟ್‌ಬುಕ್ಕಿಂದು. ಈಗ ಮಾರೋಕೆ ಅಲ್ಲ, ಕಲಿಯೋಕೆ ಮಾತ್ರ ಮಾಡ್ತಿದ್ದೀವಿ. ಪ್ರತಿ ಬ್ಯಾಚಿಗೆ ಒಂದು ಪುಟ. ಮೇಲೆ ಬ್ಯಾಚ್ ನಂಬರ್, ದಿನಾಂಕ. ಕೆಳಗೆ ಯಾವ ಎಣ್ಣೆ, ಯಾವ ಡಬ್ಬಿಯಿಂದ, ಎಷ್ಟು ಗ್ರಾಂ, ಕಾಸ್ಟಿಕ್ ಲೆಕ್ಕ. ಒಬ್ಬಳು ತೂಗ್ತಾಳೆ, ಇನ್ನೊಬ್ಬಳು ತಕ್ಕಡಿ ನೋಡಿ ಸಹಿ ಹಾಕ್ತಾಳೆ. ಎಣ್ಣೆ ಬದಲಾದ್ರೆ ಲೆಕ್ಕ ಹೊಸದಾಗಿ, ಹಳೇ ಪುಟ ನೋಡಿ ಬರೆಯೋ ಹಾಗಿಲ್ಲ. ಸೋಪು ನಾಲ್ಕರಿಂದ ಆರು ವಾರ ಒಣಗಬೇಕು. ಪ್ರತಿ ಬ್ಯಾಚಿಂದ ಎರಡು ಸೋಪು ಡಬ್ಬಿಯಲ್ಲಿ ಉಳಿಸ್ತೀವಿ. ನಾಳೆ ಯಾರಾದ್ರೂ ಕೈ ಉರಿ ಅಂದ್ರೆ ಅದೇ ಬ್ಯಾಚಿನ ಸೋಪು ನಮ್ಮ ಹತ್ರ ಇರಬೇಕು.

ರೀಲ್ಸ್ ನೋಡಿ ಫಿನಾಲ್‌ಫ್ತಲೀನ್ ಹನಿ ಹಾಕಿ "ಪಿಂಕ್ ಬಂತು, ಕೆಟ್ಟದು" ಅನ್ನೋರಿಗೆ ಒಂದು ಮಾತು. ಒಳ್ಳೆ ಸೋಪೂ ನೀರಿನಲ್ಲಿ ಕ್ಷಾರೀಯವೇ, ನೀರಲ್ಲಿ ಹಾಕಿದ್ರೆ ಅದೂ ಪಿಂಕ್ ಆಗುತ್ತೆ. ಲ್ಯಾಬಿನಲ್ಲಿ ಸೋಪನ್ನ ಆಲ್ಕೋಹಾಲ್‌ನಲ್ಲಿ ಕರಗಿಸಿ, ಉಳಿದ ಕಾಸ್ಟಿಕ್ ಎಷ್ಟು ಅಂತ ಆಮ್ಲ ಹನಿಸಿ ಅಳೀತಾರೆ. ನಮ್ಮ ನೋಟ್‌ಬುಕ್ ಆ ರಿಪೋರ್ಟಿಗೆ ಬದಲಿ ಅಲ್ಲ. ಲೈಸೆನ್ಸಿಗಂತೂ ಅಲ್ಲವೇ ಅಲ್ಲ.

ಹಾಗಾಗಿ ಪರವಾನಗಿ ಸಿಗೋ ತನಕ ಈ ಪೇಜಲ್ಲಿ ಒಂದು ಸೋಪೂ ಮಾರಲ್ಲ. ಬೇರೆ ಯಾರಾದ್ರೂ ಮಾರ್ತಿದ್ರೆ, ಅದು ನನ್ನ ಬೆಸ್ಟ್ ಫ್ರೆಂಡೇ ಆಗಿರಲಿ, ಎರಡು ಪ್ರಶ್ನೆ ಕೇಳಿ. ಬ್ಯಾಚ್ ನಂಬರ್ ಎಲ್ಲೈತಿ? ಲೈಸೆನ್ಸ್ ನಂಬರ್ ಎಲ್ಲೈತಿ? ಉತ್ತರಕ್ಕೆ ಬದಲು "ನ್ಯಾಚುರಲ್ ಕಣೇ" ಅಂದ್ರೆ, ನಾನೂ ಒಂದಿನ ಅದನ್ನೇ ಬರೆದಿದ್ದೆ ಅಂತ ಹೇಳಿ.

ಹಡಗಲಿಯ ಆ ಅವ್ವನ ಕೈ ಹದಿನೈದು ದಿನಕ್ಕೆ ಆರಾಮಾಯ್ತು. ಅಷ್ಟು ದಿನದ ಕೂಲಿ ಲೆಕ್ಕ ಹಾಕಿ ಕೊಡೋಕೆ ಹೋದ್ವಿ. ಅವರು ತಗೊಳ್ಳಲಿಲ್ಲ. "ಮುಂದ ನೋಡಿ ಮಾಡ್ರವ್ವಾ" ಅಂದ್ರು.

ನೋಡಿ ಮಾಡೋಕೆ ಹೊರಟಿದ್ದೀವಿ. ಐದು ತಾಲ್ಲೂಕಿನವರು ಯಾರು ಜೊತೆ ಬರ್ತೀರಿ, ಕಾಮೆಂಟಲ್ಲಿ ಊರ ಹೆಸರು ಹಾಕಿ. ಪಿಯುಸಿ ಸೈನ್ಸ್ ಓದಿದವರಿದ್ರೆ ಮೊದಲು ನೀವು.

#ಕೊಟ್ಟೂರು #ಕೂಡ್ಲಿಗಿ #ಹಗರಿಬೊಮ್ಮನಹಳ್ಳಿ #ಹಡಗಲಿ #ಹರಪನಹಳ್ಳಿ #ಬ್ಯಾಚ್‌ನಂಬರ್‌ಎಲ್ಲೈತಿ